318ನೇ ಬೇಸ್‌ನಿಂದ ಮುಂದೆ ಎಲ್ಲವೂ ಜೋಡಿ ಪೀಕ್: ಈ ಕ್ರೊಮ್ಯಾಟೊಗ್ರಾಮ್ ಅನ್ನು ಎಲ್ಲಿಯವರೆಗೆ ನಂಬಬಹುದು?

ಬಾತಿಗುಡ್ಡ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಬೀಟಾ ಥಲಸ್ಸೀಮಿಯಾ ವಾಹಕರಿರಬಹುದು ಎಂಬ ಅನುಮಾನವಿರುವ ಕುಟುಂಬಗಳಲ್ಲಿ ಬೀಟಾ ಗ್ಲೋಬಿನ್ ಜೀನಿನ ಮೊದಲ ಎರಡು ಎಕ್ಸಾನ್‌ಗಳನ್ನು ಪಿಸಿಆರ್ ಮಾಡಿ, ಶುದ್ಧಗೊಳಿಸಿದ ಉತ್ಪನ್ನವನ್ನು ಸ್ಯಾಂಗರ್ ಸೀಕ್ವೆನ್ಸಿಂಗ್‌ಗಾಗಿ ಹೊರಗಿನ ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಹಣ ಉಳಿಸಲು ಈ ಬಾರಿ ಫಾರ್ವರ್ಡ್ ಪ್ರೈಮರ್‌ನಿಂದ ಮಾತ್ರ ಓದಿಸಿದೆವು.

ಹನ್ನೊಂದು ಮಾದರಿಗಳಲ್ಲಿ ಹತ್ತು ಚೆನ್ನಾಗಿ ಬಂದಿವೆ. ಹನ್ನೊಂದನೆಯದರ ಕಥೆ ಬೇರೆ. ಮೊದಲ 35 ಬೇಸ್‌ಗಳು ಎಂದಿನಂತೆ ಕಲಸಿಕೊಂಡಿವೆ. 75ರ ಸುಮಾರಿಗೆ ಕೆಂಪು ಬಣ್ಣದ ಅಗಲವಾದ ಒಂದು ದಿಬ್ಬವಿದೆ. ಅಲ್ಲಿಂದ 317ರವರೆಗೆ ಪೀಕ್‌ಗಳು ಒಂದೊಂದಾಗಿ, ಸಮ ಅಂತರದಲ್ಲಿ, ಸ್ವಚ್ಛವಾಗಿ ನಿಂತಿವೆ. ಕ್ವಾಲಿಟಿ ಅಂಕ 40ಕ್ಕಿಂತ ಮೇಲಿದೆ. 318ರಿಂದ ಇದ್ದಕ್ಕಿದ್ದಂತೆ ಹೆಚ್ಚುಕಡಿಮೆ ಪ್ರತಿ ಸ್ಥಾನದಲ್ಲೂ ಎರಡು ಬಣ್ಣದ ಪೀಕ್‌ಗಳು ಒಂದರ ಮೇಲೊಂದು ಬಿದ್ದಿವೆ, ಅಂಕ ಹತ್ತರ ಆಸುಪಾಸಿಗೆ ಇಳಿದಿದೆ, ಕೊನೆಯವರೆಗೂ ಇದೇ ಸ್ಥಿತಿ. ಜೊತೆಗೆ ಬಂದ ಅಕ್ಷರಗಳ ಫೈಲಿನಲ್ಲಿ 318ರ ನಂತರದ ಭಾಗ ಬೀಟಾ ಗ್ಲೋಬಿನ್‌ಗೂ ಹೊಂದುವುದಿಲ್ಲ, ಮತ್ತಾವುದಕ್ಕೂ ಹೊಂದುವುದಿಲ್ಲ. ಪ್ರಯೋಗಾಲಯದವರು "ಮಿಶ್ರ ಟೆಂಪ್ಲೇಟ್, ಮತ್ತೆ ಕಳಿಸಿ" ಎಂದು ಒಂದು ಸಾಲು ಬರೆದಿದ್ದಾರೆ. 317ಕ್ಕೆ ಕತ್ತರಿಸಿ ಉಳಿದದ್ದನ್ನು ಬಿಡು ಎನ್ನುವುದು ನಮ್ಮ ಮಾರ್ಗದರ್ಶಕರ ಸಲಹೆ. ಕತ್ತರಿಸುವ ಮೊದಲು, ಅಲ್ಲಿ ಏನಾಗಿದೆ ಎಂದು ತಿಳಿಯುವ ದಾರಿ ಇದೆಯೇ?

ಪಿ.ಜೆ. ಬಡಾವಣೆ (ದಾವಣಗೆರೆ)

ನಾನು ಒಂದು ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಮಾರ್ಗದರ್ಶಕರು ಹೇಳಿದ್ದೇ ಸರಿ. ಕ್ವಾಲಿಟಿ ಅಂಕ 20 ಎಂದರೆ ನೂರರಲ್ಲಿ ಒಂದು ತಪ್ಪು, 30 ಎಂದರೆ ಸಾವಿರದಲ್ಲಿ ಒಂದು, 10 ಎಂದರೆ ಹತ್ತರಲ್ಲಿ ಒಂದು. ಹತ್ತಕ್ಕೊಂದು ತಪ್ಪಿರುವ ಭಾಗವನ್ನು ಇಟ್ಟುಕೊಂಡು ಮಾಡುವುದೇನಿದೆ? 20ಕ್ಕಿಂತ ಕೆಳಗಿಳಿದಲ್ಲಿ ಕತ್ತರಿ ಹಾಕುವುದು ಎಲ್ಲರೂ ಪಾಲಿಸುವ ಕ್ರಮ. ಜೋಡಿ ಪೀಕ್‌ಗಳಿಗೆ ಕಾರಣ ಕಂಟ್ಯಾಮಿನೇಷನ್, ಇನ್ನೊಬ್ಬರ ಡಿಎನ್ಎ ಸೇರಿಕೊಂಡಿದೆ. ಹೊಸದಾಗಿ ಪಿಸಿಆರ್ ಮಾಡಿ ಕಳಿಸಿ.

ಹೊಳಲ್ಕೆರೆ ಮೇಷ್ಟ್ರು

ನಾನು ಪದವಿ ತರಗತಿಗಳಿಗೆ ಪಾಠ ಮಾಡುವವನು. ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಸ್ಯಾಂಗರ್ ಓದು ಯಾವುದೇ ಇರಲಿ, ದೂರ ಹೋದಂತೆ ಕೆಡುವುದು ಅದರ ಸ್ವಭಾವ. ಕ್ಯಾಪಿಲರಿಯೊಳಗೆ 100 ಬೇಸ್ ಉದ್ದದ ತುಣುಕನ್ನು 101 ಬೇಸ್ ಉದ್ದದ ತುಣುಕಿನಿಂದ ಬೇರ್ಪಡಿಸಬೇಕಾದರೆ ಅವುಗಳ ನಡುವೆ ಶೇ. 1ರಷ್ಟು ವ್ಯತ್ಯಾಸವಿರುತ್ತದೆ, 700 ಮತ್ತು 701ರ ನಡುವೆ ಅದು ಶೇ. 0.14 ಮಾತ್ರ. ಅಷ್ಟು ಹೊತ್ತಿಗೆ ಪ್ರತಿಯೊಂದು ಪಟ್ಟಿಯೂ ಹರಡಿ ಅಗಲವಾಗಿರುತ್ತದೆ, ಅಷ್ಟು ಉದ್ದದವರೆಗೆ ಬೆಳೆದ ಸರಪಳಿಗಳ ಸಂಖ್ಯೆಯೂ ಕಡಿಮೆಯಾಗಿರುತ್ತದೆ. ಹಾಗಾಗಿ ಪೀಕ್‌ಗಳು ಗಿಡ್ಡವಾಗಿ, ಅಗಲವಾಗಿ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಮ್ಮದು ಸ್ವಲ್ಪ ಬೇಗ ಕೆಟ್ಟಿದೆ, ಅಷ್ಟೇ.

ಬಾತಿಗುಡ್ಡ

ಸರ್, ನೀವು ಹೇಳುವ ಬಗೆಯ ಕುಸಿತ ಉಳಿದ ಹತ್ತು ಮಾದರಿಗಳಲ್ಲಿ ಪಿಸಿಆರ್ ಉತ್ಪನ್ನದ ತುದಿಯ ಹತ್ತಿರ ಅಷ್ಟಿಷ್ಟು ಕಾಣುತ್ತದೆ. ಇದು ಹಾಗಿಲ್ಲ. 317 ನಿರ್ಮಲವಾಗಿದೆ, 318 ಕಲಸಿದೆ. ಅದೇ ದಿನ ಅದೇ ಯಂತ್ರದಲ್ಲಿ ಓಡಿದ ಬೇರೆ ಮಾದರಿಗಳಿಗೆ ಆ ಜಾಗದಲ್ಲಿ ಏನೂ ಆಗಿಲ್ಲ. ಪೀಕ್‌ಗಳು ಅಗಲವೂ ಆಗಿಲ್ಲ, ಚೂಪಾಗಿಯೇ ಇವೆ. ಒಂದರ ಬದಲು ಎರಡಿವೆ.

ಚಂದ್ರವಳ್ಳಿ (ಚಿತ್ರದುರ್ಗ)

ಮೇಡಂ, ನಿಮ್ಮ ಕೊನೆಯ ವಾಕ್ಯದಲ್ಲಿ ಅರ್ಧ ಉತ್ತರವಿದೆ. ಹಲವು ವರ್ಷ ಸೀಕ್ವೆನ್ಸಿಂಗ್ ಪ್ರಯೋಗಾಲಯವೊಂದರಲ್ಲಿ ದಿನವೂ ಇಂಥ ನೂರಾರು ಪಟಗಳನ್ನು ನೋಡುತ್ತಿದ್ದೆ, ಈಗ ನಿವೃತ್ತನಾಗಿ ಊರಿಗೆ ಬಂದಿದ್ದೇನೆ. ಆ ಅಭ್ಯಾಸದಿಂದ ಹೇಳುವುದಾದರೆ, ಪಟ ಎಲ್ಲಿ ಕೆಟ್ಟಿತು ಎನ್ನುವುದಕ್ಕಿಂತ ಯಾವ ರೀತಿಯಲ್ಲಿ ಕೆಟ್ಟಿತು ಎನ್ನುವುದನ್ನು ಮೊದಲು ನೋಡಬೇಕು.

ಮೇಷ್ಟ್ರು ವಿವರಿಸಿದ್ದು ಇಳಿಜಾರಿನಂಥ ಕುಸಿತ. ಅದು ನಿಜ, ಆದರೆ ಅದು ನೂರಾರು ಬೇಸ್‌ಗಳುದ್ದಕ್ಕೂ ನಿಧಾನವಾಗಿ ಬರುತ್ತದೆ, ಪೀಕ್‌ಗಳನ್ನು ಅಗಲಗೊಳಿಸಿಕೊಂಡೇ ಬರುತ್ತದೆ. ನಿಮ್ಮ 75ರ ಸುಮಾರಿನ ಕೆಂಪು ದಿಬ್ಬ ಇನ್ನೊಂದು ಬಗೆ: ಕ್ರಿಯೆಯಲ್ಲಿ ಬಳಕೆಯಾಗದೆ ಉಳಿದ ಬಣ್ಣದ ಟರ್ಮಿನೇಟರ್‌ಗಳನ್ನು ಸರಿಯಾಗಿ ತೊಳೆಯದಿದ್ದರೆ ಅವು ಸುಮಾರು 70–80 ಬೇಸ್‌ನ ತುಣುಕುಗಳ ಜೊತೆಗೆ ಓಡಿಬಂದು ಅಗಲವಾದ ಗುಡ್ಡೆಯಾಗಿ ಕಾಣಿಸುತ್ತವೆ. ಅದು ಸ್ಥಳೀಯ ದೋಷ. ಗುಡ್ಡೆಯ ಬೆನ್ನ ಮೇಲೆ ನಿಜವಾದ ಚೂಪು ಪೀಕ್‌ಗಳು ಕುಳಿತಿರುತ್ತವೆ, ಕಣ್ಣಿನಿಂದ ಓದಬಹುದು. ಬೇಸ್ ಕಾಲರ್ ಮಾತ್ರ ಅಲ್ಲಿ ಸುಳ್ಳು T ಬರೆದಿರಬಹುದು.

ಮೂರನೆಯದು ನಿಮ್ಮದು, ಮೆಟ್ಟಿಲಿನಂಥ ಕುಸಿತ. ಒಂದು ಬೇಸ್‌ನಲ್ಲಿ ಆರಂಭವಾಗಿ ಕೊನೆಯವರೆಗೂ ಬಿಡುವುದಿಲ್ಲ. ಇದಕ್ಕೆ ಯಂತ್ರವನ್ನು ಅನುಮಾನಿಸುವ ಮೊದಲು ಡಿಎನ್ಎಯನ್ನು ಅನುಮಾನಿಸಬೇಕು.

ಎರಡು ಕೆಲಸ ಮಾಡಿ. ಮೊದಲನೆಯದಾಗಿ, `.ab1` ಫೈಲನ್ನು ತೆರೆದು ಸಂಸ್ಕರಿಸಿದ ಪಟವನ್ನಲ್ಲ, ಕಚ್ಚಾ ಸಿಗ್ನಲ್ ತೋರಿಸುವ ಪುಟವನ್ನು ನೋಡಿ. ಸಂಸ್ಕರಿಸಿದ ಪಟದಲ್ಲಿ ಎತ್ತರಗಳನ್ನು ಸಮ ಮಾಡಿರುತ್ತಾರೆ, ಅಲ್ಲಿ ಸಿಗ್ನಲ್ ನಿಜವಾಗಿ ಇಳಿದಿದೆಯೋ ಇಲ್ಲವೋ ತಿಳಿಯದು. ಆ ಜಾಗದಲ್ಲಿ ಒಟ್ಟು ಬೆಳಕು ಇಳಿಯದೆ ಎರಡು ಪಾಲಾಗಿ ಹಂಚಿಹೋಗಿದ್ದರೆ ಕ್ರಿಯೆ ಸೋತಿಲ್ಲ ಎಂದರ್ಥ. ಎರಡನೆಯದಾಗಿ, 313ರಿಂದ 335ರವರೆಗೆ ಪ್ರತಿ ಸ್ಥಾನದಲ್ಲಿ ಕಾಣುವ ಬಣ್ಣಗಳನ್ನು ಬೇಸ್ ಕಾಲರ್ ಬರೆದ ಅಕ್ಷರದ ಕಡೆ ನೋಡದೆ ನಿಮ್ಮ ಕಣ್ಣಿನಿಂದಲೇ ಓದಿ ಇಲ್ಲಿ ಬರೆಯಿರಿ. ಹಸಿರು A, ನೀಲಿ C, ಕಪ್ಪು G, ಕೆಂಪು T. ಎರಡರಲ್ಲಿ ಒಂದು ತುಸು ಗಿಡ್ಡವಿದ್ದರೂ ಎರಡನ್ನೂ ಬರೆಯಿರಿ. ಯಾವ ಸ್ಥಾನಗಳಲ್ಲಿ ಒಂದೇ ಪೀಕ್ ಪೂರ್ತಿ ಎತ್ತರಕ್ಕಿದೆ ಎನ್ನುವುದನ್ನೂ ಹೇಳಿ, ಅದು ಮುಖ್ಯ.

ವಾಣಿವಿಲಾಸ (ಹಿರಿಯೂರು)

ನನ್ನದೂ ಇದೇ ಸಮಸ್ಯೆ! ಚಳ್ಳಕೆರೆ ಕಡೆಯ ಶೇಂಗಾ ಹೊಲಗಳಿಂದ ತಂದ ಶಿಲೀಂಧ್ರಗಳ ಐಟಿಎಸ್ ಭಾಗವನ್ನು ಓದಿಸಿದಾಗ ಒಂದರಲ್ಲಿ 240ರ ನಂತರ ಎಲ್ಲವೂ ನೆರಳು ನೆರಳಾಗಿ ಬಂದಿತು. ಅಲ್ಲಿ ಸಾಲಾಗಿ ಹನ್ನೊಂದು T ಇದ್ದವು. ಪಾಲಿಮರೇಸ್ ಅಂಥ ಸಾಲಿನಲ್ಲಿ ಜಾರುತ್ತದೆ, ಒಂದು T ಕಡಿಮೆ, ಎರಡು ಕಡಿಮೆ ಇರುವ ತುಣುಕುಗಳೂ ಹುಟ್ಟುತ್ತವೆ, ಅಲ್ಲಿಂದ ಮುಂದೆ ಎಲ್ಲ ಪೀಕ್‌ಗಳಿಗೂ ಹಿಂದುಮುಂದು ನೆರಳು ಬೀಳುತ್ತದೆ ಎಂದು ಆಗ ತಿಳಿದವರು ಹೇಳಿದರು. ಮೇಡಂ ಅವರದ್ದೂ ಅದೇ ಇರಬೇಕು. ರಿವರ್ಸ್ ಪ್ರೈಮರ್‌ನಿಂದ ಓದಿಸಿ T ಸಾಲಿನ ಆಚೆಯ ಭಾಗವನ್ನು ಪಡೆದು ಎರಡನ್ನೂ ಹೊಲಿದುಬಿಟ್ಟೆ, ಕೆಲಸ ಮುಗಿಯಿತು.

ಬಾತಿಗುಡ್ಡ

ಕಚ್ಚಾ ಪುಟದಲ್ಲಿ ಒಟ್ಟು ಸಿಗ್ನಲ್ ಇಳಿದಿಲ್ಲ. 318ರ ನಂತರ ಪ್ರತಿ ಪೀಕ್ ಮೊದಲಿನದರ ಸುಮಾರು ಅರ್ಧ ಎತ್ತರವಿದೆ. ಕಣ್ಣಿನಿಂದ ಓದಿದ್ದು ಹೀಗಿದೆ: 313ರಿಂದ 317 A, G, G, T, T. ನಂತರ C ಮತ್ತು G, T ಮತ್ತು A, T ಮತ್ತು G, ಒಂದೇ T, G ಮತ್ತು C, A ಮತ್ತು C, G ಮತ್ತು T, ಒಂದೇ T, C ಮತ್ತು T, C ಮತ್ತು G, ಮುಂದಿನ ಮೂರರಲ್ಲೂ T ಮತ್ತು G, G ಮತ್ತು A, G ಮತ್ತು T, G ಮತ್ತು C, G ಮತ್ತು T, A ಮತ್ತು G. ಒಂಟಿಯಾಗಿರುವ ಆ ಎರಡು T ಪೀಕ್‌ಗಳು ಮಾತ್ರ ಪೂರ್ತಿ ಎತ್ತರಕ್ಕಿವೆ.

ಅಕ್ಷರಗಳ ಫೈಲಿಗೂ ನಾನು ಕಣ್ಣಿನಿಂದ ಓದಿದ್ದಕ್ಕೂ 330ರ ಹತ್ತಿರ ಒಂದು ಅಕ್ಷರದ ವ್ಯತ್ಯಾಸ ಬರುತ್ತಿದೆ. ನಾನೇ ಎಣಿಕೆ ತಪ್ಪಿದೆನೇನೋ ಎಂದು ಮೂರು ಬಾರಿ ಎಣಿಸಿದೆ.

ಚಂದ್ರವಳ್ಳಿ

ನೀವು ತಪ್ಪಿಲ್ಲ. ಜೋಡಿ ಪೀಕ್‌ಗಳ ಭಾಗದಲ್ಲಿ ಎರಡು ಬಣ್ಣಗಳ ನೆತ್ತಿ ಕರಾರುವಾಕ್ಕಾಗಿ ಒಂದೇ ಗೆರೆಯ ಮೇಲೆ ಬರುವುದಿಲ್ಲ. ಸ್ವಲ್ಪ ಅಕ್ಕಪಕ್ಕ ಸರಿದಿರುವ ಎರಡು ಪೀಕ್‌ಗಳನ್ನು ಬೇಸ್ ಕಾಲರ್ ಕೆಲವೊಮ್ಮೆ ಎರಡು ಬೇಸ್ ಎಂದು ಎಣಿಸುತ್ತದೆ, ಕೆಲವೊಮ್ಮೆ ಒಂದನ್ನು ನುಂಗುತ್ತದೆ. ಕಣ್ಣಿನಿಂದ ಓದಿ ಎಂದದ್ದು ಅದಕ್ಕೇ. ಫೈಲಿನ ಅಕ್ಷರಗಳು ಯಾವುದಕ್ಕೂ ಹೊಂದದಿರುವುದಕ್ಕೂ ಕಾರಣ ಇದೇ: ಪ್ರತಿ ಸ್ಥಾನದಲ್ಲಿ ಎರಡರಲ್ಲಿ ಎತ್ತರವಾದದ್ದನ್ನು ಆರಿಸಿಕೊಂಡು, ಅಲ್ಲೊಂದು ಇಲ್ಲೊಂದು ಹೆಕ್ಕಿ, ಯಾರ ದೇಹದಲ್ಲೂ ಇಲ್ಲದ ಒಂದು ಸಾಲನ್ನು ಅದು ಕಟ್ಟಿದೆ.

ಈಗ ಲೆಕ್ಕಕ್ಕೆ ಬರೋಣ. ಬೀಟಾ ಗ್ಲೋಬಿನ್‌ನ ಸಾಮಾನ್ಯ ಸಾಲು ನಮಗೆ ಗೊತ್ತಿದೆ. ನೀವು ಓದಿದ ಪ್ರತಿ ಜೋಡಿಯಿಂದ ಆ ಸಾಲಿನ ಅಕ್ಷರವನ್ನು ಕಳೆಯಿರಿ, ಉಳಿದದ್ದನ್ನು ಕೆಳಗೆ ಬರೆಯಿರಿ. ಒಂದೇ ಪೀಕ್ ಇರುವಲ್ಲಿ ಎರಡೂ ಪ್ರತಿಗಳಲ್ಲಿ ಅದೇ ಅಕ್ಷರವಿದೆ ಎಂದು ತಿಳಿಯಿರಿ. ಮೊದಲ ಸಾಲಿನಲ್ಲಿ ಜೋಡಿಗಳನ್ನು ಮಿಶ್ರ ಬೇಸ್‌ಗಳ ರೂಢಿಯ ಸಂಕೇತಗಳಲ್ಲಿ ಬರೆದಿದ್ದೇನೆ.

```
AGGTTSWKTSMKTYSKKKRKSKR
AGGTTCTTTGAGTCCTTTGGGGA
AGGTTGAGTCCTTTGGGGATCTG
```

ಎರಡನೆಯ ಸಾಲು ಸಾಮಾನ್ಯ ಜೀನ್. ಮೂರನೆಯದು ಕಳೆದು ಉಳಿದದ್ದು. ಉಳಿದ ಸಾಲಿನಲ್ಲಿ `AGGTT` ಆದ ಮೇಲೆ ಬರುವ `GAGTCCTTTGGGGA` ಎಂಬುದನ್ನು ಎರಡನೆಯ ಸಾಲಿನಲ್ಲಿ ಹುಡುಕಿ. ಅಕ್ಷರ ತಪ್ಪದೆ ಅಲ್ಲೂ ಇದೆ, ಆದರೆ ನಾಲ್ಕು ಸ್ಥಾನ ಮುಂದೆ. ಅಂದರೆ ಎರಡನೆಯ ಪ್ರತಿ ಬೇರೆ ಜೀನೂ ಅಲ್ಲ, ಕಸವೂ ಅಲ್ಲ. ನಾಲ್ಕು ಬೇಸ್ ಕಳೆದುಕೊಂಡ ಅದೇ ಜೀನ್. 317ರವರೆಗೆ ಎರಡೂ ಪ್ರತಿಗಳು ಹೆಜ್ಜೆ ಸೇರಿಸಿ ನಡೆದವು, ಅಲ್ಲಿ ಒಂದು ಪ್ರತಿ ನಾಲ್ಕು ಹೆಜ್ಜೆ ಹಾರಿತು, ಆಮೇಲೆ ಕೊನೆಯವರೆಗೂ ಆ ಅಂತರ ಮುಚ್ಚಲಿಲ್ಲ. ಒಂಟಿ T ಬಂದ ಎರಡು ಕಡೆ ಆಕಸ್ಮಿಕವಾಗಿ ಇಬ್ಬರ ಕಾಲೂ ಒಂದೇ ಅಕ್ಷರದ ಮೇಲೆ ಬಿದ್ದಿದೆ, ಪೀಕ್ ಪೂರ್ತಿ ಎತ್ತರಕ್ಕೇರಿದ್ದು ಅದಕ್ಕೆ.

ಕಳೆದುಹೋಗಿರುವುದು 41 ಮತ್ತು 42ನೇ ಕೋಡಾನ್‌ಗಳಲ್ಲಿನ ನಾಲ್ಕು ಬೇಸ್. ಭಾರತದಲ್ಲಿ ಹೆಚ್ಚಾಗಿ ಸಿಗುವ ಐದು ಬೀಟಾ ಥಲಸ್ಸೀಮಿಯಾ ಮ್ಯುಟೇಶನ್‌ಗಳಲ್ಲಿ ಇದೂ ಒಂದು. ಹಳೆಯ ಬರಹಗಳಲ್ಲಿ `-TTCT` ಎಂದೂ ಈಗಿನ ಕ್ರಮದಲ್ಲಿ `c.126_129delCTTT` ಎಂದೂ ಬರೆಯುತ್ತಾರೆ, ಎರಡೂ ಒಂದೇ.

ಹಿರಿಯೂರಿನವರಿಗೆ: ನಿಮ್ಮ ಪ್ರಕರಣದಲ್ಲಿ ಜಾರಿಕೆ ಎಂಬ ವಿವರಣೆ ಒಪ್ಪುವಂಥದ್ದು, ಹನ್ನೊಂದು T ಸಾಲು ಜಾರಲು ಸಾಕು. ಇಲ್ಲಿರುವುದು ಮೂರೇ T, ಅಷ್ಟರಲ್ಲಿ ಪಾಲಿಮರೇಸ್ ಜಾರುವುದಿಲ್ಲ. ಜಾರಿದರೆ ನೆರಳು ಒಂದೊಂದು ಹೆಜ್ಜೆಯ ಅಂತರದಲ್ಲಿ, ಮುಖ್ಯ ಪೀಕ್‌ಗಿಂತ ಗಿಡ್ಡವಾಗಿ, ಒಂದಕ್ಕಿಂತ ಹೆಚ್ಚು ಬೀಳುತ್ತದೆ. ಇಲ್ಲಿ ಅಂತರ ಕರಾರುವಾಕ್ಕಾಗಿ ನಾಲ್ಕು, ನೆರಳು ಒಂದೇ, ಎತ್ತರವೂ ಸರಿಸಮ. ಇನ್ನೊಂದು ಮಾತು. ಶಿಲೀಂಧ್ರದಲ್ಲಿ ಐಟಿಎಸ್ ಇರುವ ಜೀನಿನ ಪ್ರತಿಗಳು ಹತ್ತಾರು ಇರುತ್ತವೆ, ಅವೆಲ್ಲ ಒಂದೇ ಉದ್ದವಿರಲೇಬೇಕು ಎಂದೇನಿಲ್ಲ. ನಿಮ್ಮಲ್ಲಿ ಆದದ್ದು ಜಾರಿಕೆಯೋ, ಪ್ರತಿಗಳಲ್ಲೇ ಇರುವ ಉದ್ದದ ವ್ಯತ್ಯಾಸವೋ ಎನ್ನುವುದನ್ನು ಎರಡು ತುದಿಗಳನ್ನು ಹೊಲಿದಿದ್ದರಿಂದ ತೀರ್ಮಾನಿಸಲಾಗುವುದಿಲ್ಲ. ಕ್ಲೋನ್ ಮಾಡಿ ಒಂದೊಂದಾಗಿ ಓದಿಸಿದರೆ ಹೆಚ್ಚು ತಿಳಿಯಬಹುದು.

ವಾಣಿವಿಲಾಸ

ಹೊಲಿದ ಸಾಲನ್ನು ಆಗಲೇ ಡೇಟಾಬೇಸಿಗೆ ಕಳಿಸಿಬಿಟ್ಟಿದ್ದೇನೆ. ಮತ್ತೆ ತೆಗೆದು ನೋಡುತ್ತೇನೆ.

ಪಿ.ಜೆ. ಬಡಾವಣೆ

ಚಂದ್ರವಳ್ಳಿ ಸರ್, ಲೆಕ್ಕ ಒಪ್ಪಿದೆ. ಆದರೆ ಒಂದು ಪ್ರಶ್ನೆ. ಹಾಗಾದರೆ ಕ್ವಾಲಿಟಿ ಅಂಕ ಹತ್ತಕ್ಕೆ ಇಳಿದದ್ದು ತಪ್ಪೇ? ಅಂಕವನ್ನು ನಂಬಬಾರದು ಎಂದು ನಮ್ಮ ಹುಡುಗರಿಗೆ ಹೇಳಲು ನನಗೆ ಧೈರ್ಯವಿಲ್ಲ.

ಚಂದ್ರವಳ್ಳಿ

ಅಂಕ ಸುಳ್ಳು ಹೇಳಿಲ್ಲ. "ಈ ಸ್ಥಾನದಲ್ಲಿ ನಾನು ಬರೆದ ಒಂದು ಅಕ್ಷರ ತಪ್ಪಾಗುವ ಸಂಭವ ಎಷ್ಟು" ಎಂಬ ಪ್ರಶ್ನೆಗಷ್ಟೇ ಅದು ಉತ್ತರ. ಎರಡು ಅಕ್ಷರಗಳಿರುವಲ್ಲಿ ಒಂದನ್ನು ಬರೆಯಬೇಕಾಗಿ ಬಂದಾಗ ಸಂಭವ ಹೆಚ್ಚೆಂದು ಅದು ಒಪ್ಪಿಕೊಂಡಿದೆ. ಆ ಅಂಕದಿಂದ ಡಿಎನ್ಎ ಕೆಟ್ಟಿದೆ ಎಂದು ತೀರ್ಮಾನಿಸಿದ್ದು ನಾವು. ಅಕ್ಷರಗಳ ಫೈಲಿಗೆ 317ರಲ್ಲಿ ಕತ್ತರಿ ಹಾಕುವುದು ಸರಿಯೇ. ಪಟವನ್ನೂ ಅಲ್ಲೇ ಬಿಸಾಡಿದ್ದರೆ ಹುಡುಕುತ್ತಿದ್ದ ಮ್ಯುಟೇಶನ್ ಕಸದ ಬುಟ್ಟಿಗೆ ಹೋಗುತ್ತಿತ್ತು.

ಇದರ ತಿರುಗುಮುರುಗು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಪ್ರೈಮರ್ ಕೂರುವ ಜಾಗದಲ್ಲೇ ಒಂದು ಪ್ರತಿಗೆ ಬದಲಾವಣೆಯಿದ್ದು ಆ ಪ್ರತಿ ಪಿಸಿಆರ್‌ನಲ್ಲಿ ಬೆಳೆಯದೇ ಹೋದರೆ, ಉಳಿದೊಂದು ಪ್ರತಿಯ ಪಟ ಕನ್ನಡಿಯಂತೆ ಬರುತ್ತದೆ. ಅಂಕ 50 ಇರುತ್ತದೆ, ಅರ್ಧ ಸತ್ಯ ಕಾಣೆಯಾಗಿರುತ್ತದೆ. ಅಂಥ ಪಟದ ಬಗ್ಗೆ ಯಾರೂ ವೇದಿಕೆಯಲ್ಲಿ ಪ್ರಶ್ನೆ ಕೇಳುವುದಿಲ್ಲ.

ಹರಿಹರ ವೈದ್ಯ

ಈ ಕುಟುಂಬದ ಹಾಗೆಯೇ ಇನ್ನೂ ಕೆಲವರನ್ನು ನಾನು ಪರೀಕ್ಷೆಗೆ ಕಳಿಸಿದ್ದೇನೆ, ಹಾಗಾಗಿ ಕೇಳುತ್ತಿದ್ದೇನೆ. ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಪ್ರಮಾಣ ಶೇ. 5 ದಾಟಿದ್ದರೆ ಇಂಥ ಪಟವನ್ನು ನೋಡಿಯೇ ದಂಪತಿಗೆ ವಿಷಯ ತಿಳಿಸಬಹುದೇ? ಇನ್ನೊಂದು: ಉಳಿದ ಹತ್ತು ಮಾದರಿಗಳು ಸ್ವಚ್ಛವಾಗಿವೆ ಎಂದಿರಿ. ಅವರಲ್ಲಿ ಮ್ಯುಟೇಶನ್ ಇಲ್ಲ ಎಂದು ನಾನು ಬರೆದುಕೊಡಬಹುದೇ?

ಬಾತಿಗುಡ್ಡ

ಸರ್, ನಮ್ಮ ಈ ಮಾದರಿಯಲ್ಲಿ ಎ2 ಶೇ. 5.2 ಇದೆ. ರಿವರ್ಸ್ ಓದಿಗೆ ನಿನ್ನೆಯೇ ಕಳಿಸಿದ್ದೇನೆ. ಬರುವವರೆಗೆ ಏನನ್ನೂ ಬರೆದುಕೊಡುವುದಿಲ್ಲ ಎಂದು ಮಾರ್ಗದರ್ಶಕರು ಹೇಳಿದ್ದಾರೆ.

ಚಂದ್ರವಳ್ಳಿ

ಡಾಕ್ಟರೇ, ಮೊದಲ ಪ್ರಶ್ನೆಗೆ ಉತ್ತರ: ಎ2 ಶೇ. 3.5ಕ್ಕಿಂತ ಹೆಚ್ಚಿದ್ದರೆ ವಾಹಕ ಎಂಬ ಅನುಮಾನ ಬಲವಾಗುತ್ತದೆ ಎನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪಟ ಅದಕ್ಕೆ ಹೊಂದುತ್ತದೆ. ಆದರೂ ಒಂದೇ ದಿಕ್ಕಿನಿಂದ ಓದಿದ ಪಟದ ಮೇಲೆ ಮ್ಯುಟೇಶನ್‌ನ ಹೆಸರು ಬರೆಯಬಾರದು.

ಎರಡನೆಯ ಪ್ರಶ್ನೆಯಲ್ಲಿ ಅಪಾಯವಿದೆ. ಬಾತಿಗುಡ್ಡ ಅವರ ಲೆಕ್ಕದಲ್ಲಿ 41ನೇ ಕೋಡಾನಿನ ಕೊನೆಯ C 318ಕ್ಕೆ ಬಿದ್ದಿದೆ. ಅಲ್ಲಿಂದ ಹಿಂದಕ್ಕೆ, ನಡುವಿನ 130 ಬೇಸ್‌ನ ಇಂಟ್ರಾನನ್ನೂ ಸೇರಿಸಿ ಎಣಿಸಿದರೆ 8–9ನೇ ಕೋಡಾನ್‌ಗಳು 89ರ ಸುಮಾರಿಗೆ ಬರುತ್ತವೆ. ಅಲ್ಲಿ ಒಂದು G ಹೆಚ್ಚುವರಿಯಾಗಿ ಸೇರುವುದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಇನ್ನೊಂದು ಮ್ಯುಟೇಶನ್. ಕೆಂಪು ದಿಬ್ಬಕ್ಕೂ ಅದಕ್ಕೂ ಹತ್ತು ಹದಿನೈದು ಬೇಸ್ ಮಾತ್ರ ದೂರ. ಒಂದೇ ಒಂದು ಸಮಾಧಾನವೆಂದರೆ ಅಲ್ಲಿ G ಸೇರಿದ್ದರೆ ಅಲ್ಲಿಂದ ಮುಂದಿನ ಇಡೀ ಪಟ ಜೋಡಿಯಾಗಿರುತ್ತಿತ್ತು, ಆ ಹತ್ತರಲ್ಲಿ ಹಾಗಾಗಿಲ್ಲ. ಆದರೆ ಅಷ್ಟು ಮೊದಲೇ ಒಂದೇ ಬೇಸ್ ಬದಲಾಗಿದ್ದರೆ, ಒಂದು ಕಡೆ ಮಾತ್ರ ಜೋಡಿ ಪೀಕ್ ಬಂದು ದಿಬ್ಬದ ಅಡಿ ಅಡಗಿರಬಹುದು. ಆ ಭಾಗಕ್ಕೆ ರಿವರ್ಸ್ ಓದೇ ಬೇಕು.

ಇನ್ನು, ಸಾಮಾನ್ಯ ಐದರಲ್ಲಿ 619 ಬೇಸ್‌ಗಳ ದೊಡ್ಡ ಡಿಲೀಶನ್ ಜೀನಿನ ಕೊನೆಯ ಭಾಗವನ್ನು ಒಯ್ಯುತ್ತದೆ. ಮೊದಲ ಎರಡು ಎಕ್ಸಾನ್‌ಗಳನ್ನು ಮಾತ್ರ ಬೆಳೆಸುವ ಪಿಸಿಆರ್‌ಗೆ ಅದು ಕಾಣುವುದೇ ಇಲ್ಲ, ಪಟ ಸ್ವಚ್ಛವಾಗಿಯೇ ಬರುತ್ತದೆ. ಅದಕ್ಕೆ ಗ್ಯಾಪ್ ಪಿಸಿಆರ್ ಬೇರೆಯಾಗಿ ಮಾಡಬೇಕು. ಹಾಗಾಗಿ "ಓದಿದ ಭಾಗದಲ್ಲಿ ಕಂಡಿಲ್ಲ" ಎಂದಷ್ಟೇ ಬರೆಯಬಹುದು, "ಇಲ್ಲ" ಎಂದು ಬರೆಯಲಾಗದು.

ಹೊಳಲ್ಕೆರೆ ಮೇಷ್ಟ್ರು

ನಾನು ಪ್ರಶ್ನೆಯನ್ನು ತಪ್ಪಾಗಿ ಓದಿಕೊಂಡಿದ್ದೆ, ಒಪ್ಪುತ್ತೇನೆ. ಒಂದು ಅನುಮಾನ ಮಾತ್ರ ಉಳಿದಿದೆ. ಬೀಟಾದ ಪಕ್ಕದಲ್ಲೇ ಡೆಲ್ಟಾ ಗ್ಲೋಬಿನ್ ಜೀನ್ ಇದೆ, ಎರಡೂ ತುಂಬಾ ಹೋಲುತ್ತವೆ. ಪ್ರೈಮರ್ ಅದನ್ನೂ ಹಿಡಿದು ಬೆಳೆಸಿದ್ದರೆ ಇಂಥ ಜೋಡಿಗಳು ಬರುವುದಿಲ್ಲವೇ?

ಚಂದ್ರವಳ್ಳಿ

ಒಳ್ಳೆಯ ಅನುಮಾನ ಮೇಷ್ಟ್ರೇ. ಬರುತ್ತವೆ, ಆದರೆ ಚಿತ್ರ ಬೇರೆ. ಎರಡು ಜೀನ್‌ಗಳ ಉದ್ದ ಒಂದೇ ಇರುವಷ್ಟು ದೂರ, ಅಕ್ಷರ ಬೇರೆಯಿರುವ ಕಡೆಗಳಲ್ಲಿ ಮಾತ್ರ ಜೋಡಿ ಬೀಳುತ್ತದೆ, ನಡುವಿನದೆಲ್ಲ ಒಂಟಿಯಾಗಿ ಸ್ವಚ್ಛವಿರುತ್ತದೆ. ಎಳ್ಳು ಚೆಲ್ಲಿದ ಹಾಗೆ. ಅದೂ ಆರಂಭದಿಂದಲೇ ಕಾಣಬೇಕು. ಇಲ್ಲಿ 317ರವರೆಗೆ ಒಂದೂ ಇಲ್ಲ, ಆಮೇಲೆ ಹೆಚ್ಚುಕಡಿಮೆ ಒಂದೂ ಬಿಟ್ಟಿಲ್ಲ. ಜೊತೆಗೆ, ಕಳೆದು ಉಳಿದ ಸಾಲು ಬೀಟಾದ್ದೇ.

ಬಾತಿಗುಡ್ಡ

ರಿವರ್ಸ್ ಓದು ಬಂದಿದೆ. ಮೊದಲ 40 ಬೇಸ್ ಬಿಟ್ಟರೆ ಎರಡನೆಯ ಎಕ್ಸಾನ್‌ನ ಬಹುಭಾಗ ಸ್ವಚ್ಛವಾಗಿ ಓದಿಸಿಕೊಂಡಿತು. ಆ ದಿಕ್ಕಿನಿಂದ `GGACTCAA` ಆದ ಕೂಡಲೇ ಜೋಡಿಗಳು ಶುರುವಾಗಿ, ಮೊದಲ ಎಕ್ಸಾನ್‌ನ ಕಡೆಗೆ ಕೊನೆಯವರೆಗೂ ಕಲಸಿದೆ. ಮೊದಲ ಜೋಡಿ A ಮತ್ತು C. ಹಾಗಾಗಿ ಫಾರ್ವರ್ಡ್ ಓದಿನಲ್ಲಿ ಸ್ವಚ್ಛವಾಗಿದ್ದ ಭಾಗ ರಿವರ್ಸ್‌ನಲ್ಲಿ ಕಲಸಿದೆ, ಅಲ್ಲಿ ಕಲಸಿದ್ದು ಇಲ್ಲಿ ಸ್ವಚ್ಛವಾಗಿದೆ. ಸರ್ ಹೇಳಿದಂತೆ ಕಳೆದು ನೋಡಿದೆ, ಮತ್ತೆ ನಾಲ್ಕೇ ಬೇಸ್‌ಗಳ ಅಂತರ.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಎಡದಿಂದ `AGGTT` ವರೆಗೆ ಸ್ವಚ್ಛ, ಬಲದಿಂದ `TTGAG` ವರೆಗೆ ಸ್ವಚ್ಛ. ಸಾಮಾನ್ಯ ಸಾಲಿನಲ್ಲಿ ಇವೆರಡರ ನಡುವೆ ಉಳಿಯುವುದು C ಮತ್ತು T, ಎರಡೇ ಅಕ್ಷರ. ಹೋಗಿರುವುದು ನಾಲ್ಕು. ಮತ್ತೆರಡು ಎಲ್ಲಿ?

ಚಂದ್ರವಳ್ಳಿ

ಸೊಗಸಾಗಿ ಗಮನಿಸಿದ್ದೀರಿ. ಸಾಮಾನ್ಯ ಸಾಲು `AGG TTCTTT GAG`, ಕಳೆದುಕೊಂಡ ಸಾಲು `AGG TT GAG`. ಕಳೆದುಕೊಂಡ ಪ್ರತಿಯಲ್ಲಿ ಉಳಿದಿರುವ ಆ ಎರಡು T ಸಾಮಾನ್ಯ ಪ್ರತಿಯ ಮೊದಲ ಎರಡು T ಜೊತೆಗೂ ಹೊಂದುತ್ತವೆ, ಕೊನೆಯ ಎರಡು T ಜೊತೆಗೂ ಹೊಂದುತ್ತವೆ. ಹಾಗಾಗಿ ಎಡದಿಂದ ಬರುವ ಓದಿಗೆ ಅವು ಎಡಗಡೆಯವಾಗಿ ಕಾಣುತ್ತವೆ, ಬಲದಿಂದ ಬರುವ ಓದಿಗೆ ಬಲಗಡೆಯವಾಗಿ ಕಾಣುತ್ತವೆ. ಒಂದೇ ಎರಡು ಅಕ್ಷರಗಳನ್ನು ಎರಡೂ ಕಡೆಯವರು ಲೆಕ್ಕಕ್ಕೆ ಹಿಡಿದಿದ್ದಾರೆ. ಹೋದದ್ದು `TTCT` ಆಗಲಿ, `TCTT` ಆಗಲಿ, `CTTT` ಆಗಲಿ, ಉಳಿಯುವುದು ಒಂದೇ ಸಾಲು. ನಾನು ಆಗ ಎರಡು ಹೆಸರೂ ಒಂದೇ ಎಂದದ್ದು ಇದಕ್ಕೆ. ಸಾಧ್ಯವಾದಷ್ಟು ಬಲಕ್ಕೆ ತಳ್ಳಿ ಹೆಸರಿಡುವುದು ಈಗಿನ ನಿಯಮ, ಆದ್ದರಿಂದ `delCTTT`. ಜೋಡಿ ಶುರುವಾದ ಬೇಸ್‌ನಲ್ಲೇ ಡಿಲೀಶನ್ ಶುರುವಾಯಿತು ಎಂದು ಬರೆದುಬಿಡುವವರು ತಪ್ಪುವುದು ಇಲ್ಲಿ.

ಪಿ.ಜೆ. ಬಡಾವಣೆ

ನನ್ನ ಮೊದಲ ಅನುಮಾನವನ್ನು ನಾನಿನ್ನೂ ಬಿಟ್ಟಿಲ್ಲ. ಈ ಮಾದರಿಗೆ ಬೇರೊಬ್ಬ ವಾಹಕರ ಡಿಎನ್ಎ ಸೇರಿದ್ದರೂ ಎರಡೂ ದಿಕ್ಕಿನ ಪಟ ಹೀಗೇ ಬರುತ್ತದೆಯಲ್ಲವೇ? ಎರಡೂ ಓದುಗಳು ಒಂದೇ ಪಿಸಿಆರ್ ಉತ್ಪನ್ನದಿಂದ ಬಂದವು.

ಚಂದ್ರವಳ್ಳಿ

ಬರುತ್ತದೆ. ನಿಮ್ಮ ಮಾತಿನ ಆ ಭಾಗವನ್ನು ನಾನು ಮೊದಲು ಗಟ್ಟಿಯಾಗಿ ಒಪ್ಪಬೇಕಿತ್ತು. ಪಟ ಎರಡು ಪ್ರತಿಗಳಿವೆ ಎಂದು ಹೇಳುತ್ತದೆ, ಅವು ಒಬ್ಬರದೇ ಎಂದು ಹೇಳುವುದಿಲ್ಲ. ವಾಹಕರ ಡಿಎನ್ಎ ಸ್ವಲ್ಪ ಸೇರಿದ್ದರೆ ಕಳೆದುಕೊಂಡ ಪ್ರತಿಯ ಪೀಕ್‌ಗಳು ಅರ್ಧಕ್ಕಿಂತ ಬಹಳ ಗಿಡ್ಡವಿರಬೇಕು, ಇಲ್ಲಿ ಸರಿಸಮ ಇವೆ. ಇದು ನಮ್ಮ ಪರವಾದ ಸುಳಿವು. ಆದರೆ ನಾಲ್ಕು ಬಣ್ಣಗಳು ಒಂದೇ ಪ್ರಮಾಣದಲ್ಲಿ ಹೊಳೆಯುವುದಿಲ್ಲ, ಅಕ್ಕಪಕ್ಕದ ಅಕ್ಷರವನ್ನು ಅವಲಂಬಿಸಿ ಒಂದೇ ಬೇಸ್‌ನ ಎತ್ತರವೂ ಏರಿಳಿಯುತ್ತದೆ. ಆದ್ದರಿಂದ ಎತ್ತರವನ್ನು ಅಳೆದು ಶೇ. 50 ಎಂದೋ 40 ಎಂದೋ ಹೇಳುವಷ್ಟು ನಂಬಿಕೆ ನನಗಿಲ್ಲ. ನೀರನ್ನಷ್ಟೇ ಹಾಕಿದ ಪಿಸಿಆರ್ ನಳಿಕೆಯಲ್ಲಿ ಪಟ್ಟಿ ಬಂದಿತ್ತೇ ಎಂದು ನೋಡಿ. ಇಡೀ ಮಾದರಿಯೇ ಅದಲುಬದಲಾಗಿದ್ದರೆ ಅದೂ ತಿಳಿಯದು.

ಬಾತಿಗುಡ್ಡ

ನೀರಿನ ನಳಿಕೆಯ ಜೆಲ್ ಚಿತ್ರ ಹುಡುಕಿದೆ, ಪಟ್ಟಿ ಇಲ್ಲ. ಆದರೂ ರಕ್ತದಿಂದ ಡಿಎನ್ಎ ತೆಗೆದ ದಿನ ಅದೇ ಸಾಲಿನಲ್ಲಿ ಬೇರೆ ಕುಟುಂಬದ ಮಾದರಿಗಳೂ ಇದ್ದವು. ಸೋಮವಾರ ಆ ವ್ಯಕ್ತಿಯಿಂದ ಹೊಸದಾಗಿ ರಕ್ತ ತೆಗೆಯಲು ಒಪ್ಪಿಗೆ ಪಡೆದಿದ್ದೇವೆ, ತಂದೆ ತಾಯಿಯ ಮಾದರಿಗಳನ್ನೂ ಜೊತೆಗೆ ಓದಿಸುತ್ತೇವೆ. ಮೂವರದ್ದೂ ಎರಡೂ ದಿಕ್ಕಿನಿಂದ. ಉಳಿದ ಹತ್ತು ಮಾದರಿಗಳ ರಿವರ್ಸ್ ಓದಿಗೆ ಹಣ ಹೊಂದಿಸುವುದು ಹೇಗೆ ಎಂದು ಮಾರ್ಗದರ್ಶಕರು ಲೆಕ್ಕ ಹಾಕುತ್ತಿದ್ದಾರೆ.

ಹರಿಹರ ವೈದ್ಯ

ನಾನು ಕಳಿಸಿದ್ದ ಇಬ್ಬರ ವರದಿಯಲ್ಲಿ "ಮ್ಯುಟೇಶನ್ ಇಲ್ಲ" ಎಂದು ಇತ್ತು, ಎ2 ಮಾತ್ರ ಹೆಚ್ಚಿತ್ತು. ಆ ಪಟಗಳ ಫೈಲ್‌ಗಳನ್ನು ಕೇಳಿ ತರಿಸಿಕೊಳ್ಳುತ್ತೇನೆ. ತೆರೆಯುವುದು ಹೇಗೆ ಎಂದು ಆಗ ಇಲ್ಲೇ ಬಂದು ಕೇಳುತ್ತೇನೆ.